ಅತ್ತೆ ಮನೆಗೆ ಆರು ಹೆಚ್ಚು

ಮಾರ್ಚ್ ೩

ಪ್ರೀತಿಯ ಅತ್ತೆಗೆ,

ಇಲ್ಲಿ ನಾವೆಲ್ಲ ಕ್ಷೇಮ ಅಂತ ಶುರು ಮಾಡಿದರೆ ಮೊದಲ ಸಾಲಿನಲ್ಲೇ ಸುಳ್ಳು ಹೇಳಿದಂತಾಗುತ್ತದೆ. ಫೋನ್ ಮಾಡೋಣವೆಂದರೆ ನಿಮ್ಮ ಕಿವಿಗೆ ಅದರಲ್ಲಿ ಬರೀ ಗುಂಯ್ ಎನ್ನುವುದಷ್ಟೇ ಕೇಳುತ್ತದೆ. ಮಾವನ ಕೈಗೆ ಕೊಟ್ಟರೆ ಅವರು ನಾನು ಹೇಳಿದ್ದರಲ್ಲಿ ಅರ್ಧ ನುಂಗಿ ನಿಮಗೆ ಹೇಳುತ್ತಾರೆ. ಅದಕ್ಕೇ ಈ ಕಾಗದ.

ಅಪ್ಪನ, ಅಂದರೆ ನಿಮ್ಮ ಮುದ್ದಿನ ತಮ್ಮನ, ಮೂರು ತಿಂಗಳ ಸರಾಸರಿ ಸಕ್ಕರೆ ಒಂಬತ್ತೂವರೆ ಬಂದಿದೆ. ಏಳರ ಹತ್ತಿರ ಇರಬೇಕಂತೆ. ಹೋದ ವಾರ ಅಂಗಡಿಯಲ್ಲಿ ಕೀ ಕೊರೆಯುವಾಗ ಬಿಸಿ ಲೋಹದ ಚೂರು ಚಪ್ಪಲಿಯೊಳಗೆ ಬಿದ್ದು ಅಂಗಾಲು ಸುಟ್ಟಿದೆ. ಸಂಜೆ ನಾನು ನೋಡಿ ಕಿರುಚುವವರೆಗೂ ಅವರಿಗೇ ಗೊತ್ತಿರಲಿಲ್ಲ. "ಏನೇ ಅದು, ಯಾಕೆ ಕೂಗ್ತೀಯ?" ಅಂತ ನನ್ನನ್ನೇ ಕೇಳಿದರು. ಕಾಲಿನ ನರಗಳು ಜೋಮು ಹಿಡಿಯುತ್ತಿವೆ, ಹೀಗೇ ಬಿಟ್ಟರೆ ಮುಂದೆ ಕೈಗೂ ಬರಬಹುದು ಅಂದರು ಡಾಕ್ಟರು. ಬೀಗದೊಳಗಿನ ಪಿನ್ನು ಬೆರಳ ತುದಿಗೆ ತಾಕುವುದರ ಮೇಲೆ ಬದುಕಿದವರು ಅಪ್ಪ. ರಕ್ತ ಪರೀಕ್ಷೆಗೆ ಕೂಡ ಬೆರಳ ತುದಿಗೆ ಚುಚ್ಚದೆ ಪಕ್ಕಕ್ಕೆ ಚುಚ್ಚಿಕೊಳ್ಳುತ್ತಾರೆ. ಆ ಬೆರಳು ಹೋದರೆ ಅವರೂ ಹೋದ ಹಾಗೆ.

ಮನೆಯಲ್ಲಿ ನಾನು ಹೇಗೋ ಕಾಯುತ್ತೇನೆ. ನೆಂಟರ ಮನೆಗೆ ಹೋದಾಗಲೇ ಕೆಡುವುದು. "ಒಂದೇ ಒಂದು", "ಇವತ್ತೊಂದಿನ ಏನಾಗಲ್ಲ", "ನಾನು ಕೊಟ್ರೆ ಬೇಡ್ವಾ?" ಹೋದ ಸಲ ಡ್ರೈವರ್ ಚಿಕ್ಕಪ್ಪ ಅಪ್ಪನ ಗದ್ದ ಹಿಡಿದು ಬಾಯಿಗೇ ತುರುಕಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ರಾತ್ರಿ ನೋಡಿದರೆ ಮುನ್ನೂರ ಇಪ್ಪತ್ತು. ಇನ್ಸುಲಿನ್ ಪೆನ್ನು ಕೂಡ ಮುಗಿಯಬೇಕಾದ ದಿನಕ್ಕಿಂತ ಬೇಗ ಖಾಲಿಯಾಗುತ್ತಿದೆ. ಚುಚ್ಚಿದ ಮೇಲೆ ಹತ್ತು ಎಣಿಸುವವರೆಗೆ ಸೂಜಿ ಹಿಡಿದಿರಬೇಕು, ಅಪ್ಪ ಅವಸರಕ್ಕೆ ಕಿತ್ತು ಔಷಧಿ ಸೋರಿಸುತ್ತಾರೆ ಅಂತ ಕಾಣುತ್ತದೆ.

ಏಪ್ರಿಲ್ ಎರಡಕ್ಕೆ ನಿಮ್ಮ ಮದುವೆಯ ಐವತ್ತನೇ ವರ್ಷಕ್ಕೆ ಎಲ್ಲರೂ ನಿಮ್ಮ ಮನೆಯಲ್ಲಿ ಸೇರುತ್ತಾರಲ್ಲ, ಊಟಕ್ಕೆ ಮುಂಚೆ ನಾನು ನಾಲ್ಕು ಮಾತು ಹೇಳಲಾ? ಯಾರೂ ಅಪ್ಪನಿಗೆ ಸಿಹಿ ಒತ್ತಾಯ ಮಾಡಬೇಡಿ ಅಂತ. ನಿಮ್ಮ ಮನೆ, ನಿಮ್ಮ ದಿನ. ನೀವು ಬೇಡ ಅಂದರೆ ಸುಮ್ಮನಿರುತ್ತೇನೆ.

ನಿಮ್ಮ ಮೈಕು


ಮಾರ್ಚ್ ೯

ಮೈಕೂ,

ಬಸ್ ಸ್ಟ್ಯಾಂಡಿನಲ್ಲಿ ದಿನವಿಡೀ ಮೈಕ್ ಹಿಡಿದು ಜನರನ್ನು ಬಸ್ಸು ಹತ್ತಿಸಿದ್ದು ಸಾಲದೆ ಈಗ ನನ್ನ ಮನೆಗೆ ಬಂದು ಬುದ್ಧಿ ಹೇಳುತ್ತೀಯಾ? ಹೇಳಮ್ಮ, ಹೇಳು. ಐವತ್ತು ವರ್ಷ ಸಂಸಾರ ಮಾಡಿ, ಬಂದವರಿಗೆಲ್ಲ ಬಡಿಸಿ ಬಡಿಸಿ ಮೊಣಕೈ ಸವೆಸಿಕೊಂಡವಳ ಎದುರಿಗೆ "ಈ ಕೈಯಿಂದ ತಿನ್ನಬೇಡಿ" ಅಂತ ಹೇಳು. ನನ್ನ ಕೈಯಲ್ಲಿ ವಿಷ ಇದೆಯೇನೇ?

ನಿನ್ನಪ್ಪ ನನಗೆ ತಮ್ಮ. ನೀನು ಹುಟ್ಟುವ ಮೊದಲಿನಿಂದ ಅವನ ಹೊಟ್ಟೆ ನನಗೆ ಗೊತ್ತು. ಇಲ್ಲಿಗೆ ಬಂದಾಗ ಅವನು ಒಂದು ಸಲವಾದರೂ "ಬೇಡ ಅಕ್ಕಾ" ಅಂದಿದ್ದರೆ ಕೇಳು. ತಟ್ಟೆ ಮುಂದಕ್ಕೆ ಚಾಚುತ್ತಾನೆ! ನಗುತ್ತಾ ತಿನ್ನುತ್ತಾನೆ. ಬೇಡದವನು ಹಾಗೆ ನಗುತ್ತಾನಾ?

ಹೋಗಲಿ, ನಿನಗೆ ಅಷ್ಟು ಭಯವಿದ್ದರೆ ಸಿಹಿಯನ್ನೆಲ್ಲ ಕಪಾಟಿಗೆ ಹಾಕಿ ಬೀಗ ಜಡಿಯುತ್ತೇನೆ. ಅಯ್ಯೋ, ಬೀಗದವನ ಹತ್ತಿರ ಬೀಗದ ಮಾತು ಆಡುತ್ತಿದ್ದೇನೆ ನೋಡು. ತಲೆಪಿನ್ನು ಸಿಕ್ಕರೆ ಸಾಕು ಅವನಿಗೆ.

ಕಾಲಿನ ಗಾಯ ಹೇಗಿದೆ? ಅದನ್ನು ಬರೆ. ಸಿಟ್ಟು ಬಂದಿದೆ ಅಂತ ಅದನ್ನು ಮುಚ್ಚಿಡಬೇಡ.

ಅತ್ತೆ


ಮಾರ್ಚ್ ೧೪

ಅತ್ತೆ,

ಗಾಯ ಒಣಗುತ್ತಿದೆ, ನಿಧಾನಕ್ಕೆ. ದಿನಾ ಸಂಜೆ ನಾನೇ ಅಂಗಾಲು ನೋಡುತ್ತೇನೆ. ಅಪ್ಪ "ನನ್ನ ಕಾಲು ನನಗೇ ಕಾಣದ ಹಾಗಾಯ್ತು" ಅಂತ ನಗುತ್ತಾರೆ. ನೀವು ಕೇಳಿದ ಆ ನಗು ಇದೇ ಅತ್ತೆ. ಗಾಯವಾದರೂ ನಗು, ಸಿಹಿ ಕೊಟ್ಟರೂ ನಗು. ಅದನ್ನು ನೋಡಿ ಅವರಿಗೆ ಬೇಕೋ ಬೇಡವೋ ಅಂತ ನನಗಂತೂ ಹೇಳಲು ಬರುವುದಿಲ್ಲ.

ನಿಮ್ಮ ಕೈಗೆ ನಾನು ಹೆಸರಿಡುತ್ತಿಲ್ಲ. ಏನು ಹೇಳುತ್ತೇನೋ ಮೊದಲೇ ನೋಡಿಬಿಡಿ. ಅವತ್ತು ಗಲಾಟೆಯಲ್ಲಿ ನಿಮಗೆ ಹೇಗೂ ಕೇಳುವುದಿಲ್ಲ, ಅದಕ್ಕೆ ಪೂರ್ತಿ ಬರೆದಿದ್ದೇನೆ:

"ಎಲ್ಲರಿಗೂ ನಮಸ್ಕಾರ. ನನಗೆ ಮುಖ ಕಾಣದ ಜನರ ಜೊತೆ ಮಾತಾಡಿ ಅಭ್ಯಾಸ, ನಿಮ್ಮ ಮುಖ ನೋಡ್ಕೊಂಡು ತಡವರಿಸಿದ್ರೆ ಬೈಕೋಬೇಡಿ. ಅತ್ತೆ ಮಾವ ಇನ್ನೂ ಐವತ್ತು ವರ್ಷ ಹೀಗೇ ಜಗಳ ಆಡ್ಕೊಂಡು ಚೆನ್ನಾಗಿರ್ಲಿ. ಈಗ ನಮ್ಮಪ್ಪನ ವಿಷಯ. ನೀವೆಲ್ಲ ಅವರಿಗೆ ಸಿಹಿ ಕೊಡೋದು ಪ್ರೀತಿಯಿಂದ, ನನಗೆ ಗೊತ್ತು. ಆದ್ರೆ ಅವರ ಮೈಯಲ್ಲಿ ಸಕ್ಕರೆ ರಕ್ತದಿಂದ ಒಳಗೆ ಹೋಗೋ ಬಾಗಿಲು ಸರಿಯಾಗಿ ತೆಗೆಯಲ್ಲ. ಬಾಗಿಲು ತೆಗೆಯೋ ಕೀನೇ ಇನ್ಸುಲಿನ್. ತೆಗೀದೆ ಇದ್ರೆ ಸಕ್ಕರೆ ರಕ್ತದಲ್ಲೇ ನಿಂತು ಕಣ್ಣು, ಮೂತ್ರಪಿಂಡ, ಕಾಲಿನ ನರ ಎಲ್ಲ ಕೆಡಿಸುತ್ತೆ. ಒಂದು ತುಂಡು ನೀವು ಕೊಡ್ತೀರಿ. ಆದ್ರೆ ಇಲ್ಲಿ ಇಪ್ಪತ್ತು ಜನ ಇದ್ದೀರಿ, ಅವರಿಗೆ ಇಪ್ಪತ್ತು ತುಂಡು ಆಗುತ್ತೆ. ಬೇಡ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಅವರು ಬೇಡ ಅನ್ನಲ್ಲ. ಅದಕ್ಕೆ ಅವರ ಪರವಾಗಿ ನಾನು ಹೇಳ್ತಿದೀನಿ, ಬೇಡ. ಕೊಡಲೇಬೇಕು ಅನ್ಸಿದ್ರೆ ಪಕ್ಕದಲ್ಲಿ ಕೂತು ಎರಡು ಮಾತಾಡಿ. ಅದಕ್ಕೆ ಸಕ್ಕರೆ ಏರಲ್ಲ."

ಅಪ್ಪನಿಗೆ ಇದು ಮೊದಲೇ ಗೊತ್ತಾಗಬಾರದು. ಗೊತ್ತಾದರೆ ನಿಮ್ಮ ಮನೆಗೇ ಬರುವುದಿಲ್ಲ. ದಯವಿಟ್ಟು.

ಮೈಕು


ಮಾರ್ಚ್ ೨೦

ಮೈಕೂ,

ಎರಡು ಸಲ ಓದಿದೆ. ಎರಡನೇ ಸಲ ಮಾವನಿಗೆ ಗಟ್ಟಿಯಾಗಿ ಓದಿದೆ, ಕೊನೆಯ ಸಾಲಿಗೆ ಮನುಷ್ಯ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಇಪ್ಪತ್ತು ತುಂಡಿನ ಲೆಕ್ಕ ನನಗೆ ಇಷ್ಟು ವರ್ಷ ಹೊಳೆಯಲೇ ಇಲ್ಲವಲ್ಲೇ. ನಾನು ಕೊಟ್ಟ ಒಂದನ್ನೇ ನೋಡುತ್ತಿದ್ದೆ.

ಮಾತಾಡು. ಧೈರ್ಯವಾಗಿ ಮಾತಾಡು. ಆದರೆ ನಾವು ಜಗಳ ಆಡುತ್ತೇವೆ ಅನ್ನುವುದನ್ನು ತೆಗೆ, ಬೀಗರು ಇರುತ್ತಾರೆ. ಮತ್ತೆ, ಬಸ್ಸು ಬಿಡುವ ಹಾಗೆ ಎಳೆದು ಎಳೆದು ಹೇಳಬೇಡ.

ನನ್ನ ಪಾಲಿಗೂ ಒಂದು ಏರ್ಪಾಡು ಮಾಡುತ್ತಿದ್ದೇನೆ. ಬೀಗ ಹಾಕಿ ಪ್ರಯೋಜನವಿಲ್ಲ ಅಂದೆನಲ್ಲ, ಅದಕ್ಕಿಂತ ಗಟ್ಟಿ ಉಪಾಯ. ಅವನು ನನ್ನ ಅಡುಗೆಮನೆಯಲ್ಲಿ ಏನು ಕದ್ದು ತಿಂದರೂ ಏನೂ ಆಗಬಾರದು, ಹಾಗೆ. ಈಗ ಹೇಳುವುದಿಲ್ಲ. ನೀನೊಬ್ಬಳೇ ಜಾಣೆ ಅಂದುಕೊಳ್ಳಬೇಡ.

ಅತ್ತೆ


ಏಪ್ರಿಲ್ ೫

ಅತ್ತೆ,

ಕ್ಲಿನಿಕ್ಕಿನಿಂದ ಹಾಗೇ ಸೀದಾ ಊರಿಗೆ ಬಂದುಬಿಟ್ಟೆವು. ನಿಮಗೆ ಹೇಳಿಯೂ ಬರಲಿಲ್ಲ. ಅಪ್ಪ ಚೆನ್ನಾಗಿದ್ದಾರೆ, ಮೊದಲು ಅದನ್ನು ಓದಿಕೊಳ್ಳಿ. ಅವತ್ತು ಆದದ್ದರಲ್ಲಿ ಅರ್ಧ ನಿಮಗೆ ಕೇಳಿಲ್ಲ, ಇನ್ನರ್ಧ ನೀವು ನೋಡಿಲ್ಲ. ನನಗೆ ಬರೆಯದೆ ಇರಲು ಆಗುತ್ತಿಲ್ಲ.

ಬಡಿಸಲು ಪಾತ್ರೆಗಳು ಹೊರಬಂದಾಗ ಅಪ್ಪ ಒಳಕೋಣೆಗೆ ಹೋಗಿ ಇನ್ಸುಲಿನ್ ಚುಚ್ಚಿಕೊಂಡು ಬಂದರು. ಅದು ಊಟಕ್ಕೆ ಸ್ವಲ್ಪ ಮುಂಚೆ ತೆಗೆದುಕೊಳ್ಳುವ, ಬೇಗ ಕೆಲಸ ಶುರು ಮಾಡುವ ಔಷಧಿ. ಚುಚ್ಚಿದ ಮೇಲೆ ಊಟ ತಡವಾಗಬಾರದು. ಅಷ್ಟರಲ್ಲಿ ಮಾವ "ಎಲ್ಲರೂ ಕೂತ್ಕೊಳ್ಳಿ, ನಮ್ಮ ಮೈಕು ಮಾತಾಡ್ತಾಳೆ" ಅಂದರು. ನಾನು ಮಾತಾಡಿದೆ. ನಾನು ಮುಗಿಸಿದ ಮೇಲೆ ಚಿಕ್ಕಪ್ಪ ಎದ್ದು ನಿಂತರು. "ನನ್ನಿಂದ ತಪ್ಪಾಯ್ತು, ಇನ್ನು ನಮ್ಮಣ್ಣನಿಗೆ ಒಂದು ಕಾಳು ಸಿಹಿ ಕೊಟ್ರೆ ನಾನು ಸ್ಟೇರಿಂಗ್ ಮುಟ್ಟಲ್ಲ!" ಅಂದರು. ಎಲ್ಲರೂ ಚಪ್ಪಾಳೆ. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಎದ್ದು ತಮ್ಮ ತಮ್ಮ ಸಕ್ಕರೆ ಕಾಯಿಲೆಯ ಕಥೆ ಹೇಳಿದರು. ನನಗೆ ಗೆದ್ದ ಹಾಗೆ ಅನ್ನಿಸಿತ್ತು ಅತ್ತೆ. ನನ್ನ ಸಂಭ್ರಮದಲ್ಲಿ ಅಪ್ಪ ಸೂಜಿ ಹಾಕಿಕೊಂಡು ಕೂತಿದ್ದಾರೆ ಎನ್ನುವುದೇ ಮರೆತುಹೋಯಿತು.

ಊಟಕ್ಕೆ ಕೂತಾಗಲೂ ಅಷ್ಟೇ. ಎಲ್ಲರೂ ಪೈಪೋಟಿಯಲ್ಲಿ ಅವರನ್ನು ಕಾಪಾಡಿದರು. "ಅನ್ನನೂ ಸಕ್ಕರೇನೇ" ಅಂತ ಒಬ್ಬರು ಅನ್ನ ತೆಗೆದರು, ಇನ್ನೊಬ್ಬರು ಸೌತೆಕಾಯಿ ಹಾಕಿದರು. ಅಪ್ಪ ನನ್ನನ್ನು ಕರೆದು "ಎಲ್ಲರೆದುರಿಗೆ ನನ್ನ ಮಾನ ಕಳೆದೆಯಲ್ಲ" ಅಂತ ಗದರಿಸಿದರು. ಜೀವನದಲ್ಲಿ ಅಪ್ಪ ನನ್ನ ಮೇಲೆ ಹಾಗೆ ಹಾರಾಡಿದವರಲ್ಲ. ನಾನು ಭಾಷಣಕ್ಕೆ ಸಿಟ್ಟು ಅಂದುಕೊಂಡು ಮೂಲೆಗೆ ಹೋಗಿ ಕೂತೆ. ಅವರು ಚಿಕ್ಕಪ್ಪನ ಹತ್ತಿರ "ಏನಾದ್ರೂ ಸಿಹಿ ಕೊಡೋ ಬೇಗ" ಅಂದರಂತೆ. ಚಿಕ್ಕಪ್ಪ ನಕ್ಕು, "ಆಟ ಆಡ್ತೀಯಾ? ಮಾತು ಕೊಟ್ಟಿದೀನಿ" ಅಂದರಂತೆ. ಎರಡನೇ ಸಲ ಕೇಳಿದಾಗ ಸುತ್ತಲಿದ್ದವರೆಲ್ಲ ನಕ್ಕರು. ನಾನು ಆ ನಗುವಿಗೆ ತಿರುಗಿ ನೋಡಿದೆ. ಅಪ್ಪನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು, ಫ್ಯಾನಿನ ಕೆಳಗೆ. ಕೈ ಲೋಟ ಹಿಡಿಯುತ್ತಿರಲಿಲ್ಲ.

ಪರೀಕ್ಷೆ ಮಾಡಿದರೆ ಐವತ್ತೆರಡು. ಎಪ್ಪತ್ತಕ್ಕಿಂತ ಕೆಳಗೆ ಹೋದರೆ ಅಪಾಯ. ಆ ಸಿಟ್ಟು, ಬೆವರು, ನಡುಕ ಎಲ್ಲ ಅದರದ್ದೇ. ಓಡಿ ಹೋಗಿ ನಿಮ್ಮ ಅಡುಗೆಮನೆಯ ಸಕ್ಕರೆ ಡಬ್ಬಿಯಿಂದ ಮೂರು ಚಮಚ ತುಂಬಿಸಿ ನೀರಿಗೆ ಹಾಕಿ ಕುಡಿಸಿದೆ. ಕಾಲು ಗಂಟೆ ಕಾದು ಮತ್ತೆ ನೋಡಬೇಕು, ಅದು ನಿಯಮ. ಕಾದೆ. ನಲವತ್ತನಾಲ್ಕು! ಮೀಟರು ಕೆಟ್ಟಿದೆ ಅಂದುಕೊಂಡು ಬೇರೆ ಬೆರಳಿಗೆ ಚುಚ್ಚಿದೆ. ಅದೇ. ಮತ್ತೆ ಅದೇ ಡಬ್ಬಿಯಿಂದ ನಾಲ್ಕು ಚಮಚ ಹಾಕಿದೆ. ಅಪ್ಪ "ಸಿಹಿ ಇದೆ, ಸಿಹಿ ಇದೆ" ಅಂತ ತೊದಲುತ್ತಾ ಕುಡಿದರು. ಆಮೇಲೆ ಕಣ್ಣು ಮುಚ್ಚತೊಡಗಿದರು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕುವಂತಿಲ್ಲ, ಉಸಿರಿನ ಕೊಳವೆಗೆ ಹೋಗುತ್ತದೆ. ಅವರ ಕೆನ್ನೆ ತಟ್ಟುತ್ತಾ, ಡಬ್ಬಿ ಕಂಕುಳಲ್ಲಿ ಹಿಡಿದುಕೊಂಡೇ ಕೂಗುತ್ತಿದ್ದೆ. ಆಗ ನೀವು ಬಾಗಿಲಲ್ಲಿ ನಿಂತು ಡಬ್ಬಿ ನೋಡಿದಿರಿ.

"ಅದು ಸಕ್ಕರೆ ಅಲ್ವೇ!" ಅಂದಿರಿ. ಆ ಕೂಗು ನಿಮಗೇ ಕೇಳಿಸಿರಲಿಕ್ಕಿಲ್ಲ, ನನ್ನ ಕಿವಿಯಲ್ಲಿ ಇನ್ನೂ ಇದೆ.

ಯಾಕೆ ಅತ್ತೆ? ಒಂದು ಮಾತು ನನಗೆ ಮೊದಲೇ ಬರೆಯಬಾರದಿತ್ತೇ?

ಮೈಕು


ಏಪ್ರಿಲ್ ೧೯

ಅತ್ತೆ, ಎರಡು ವಾರವಾಯಿತು. ಟಪಾಲಿನವರನ್ನು ದಿನಾ ಕೇಳಿ ಕೇಳಿ, ಈಗ ಅವರು ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾರೆ. ಬೈದಾದರೂ ಒಂದು ಸಾಲು ಬರೆಯಿರಿ.

ಮೈಕು


ಏಪ್ರಿಲ್ ೨೪

ಮೈಕೂ,

ಏನು ಬರೆಯಲಿ? ಅಂಗಡಿಯವನು ಹೇಳಿದ, ಇದು ಸಕ್ಕರೆ ಹಾಗೇ ಇರುತ್ತದೆ, ಹಾಗೇ ಸಿಹಿ, ರಕ್ತಕ್ಕೆ ಮಾತ್ರ ಏರುವುದಿಲ್ಲ ಅಂತ. ನನಗೆ ಅಷ್ಟೇ ಬೇಕಿತ್ತು. ಮನೆಯಲ್ಲಿದ್ದ ಸಕ್ಕರೆಯನ್ನೆಲ್ಲ ಪಕ್ಕದ ಮನೆ ಟೈಲರಮ್ಮನಿಗೆ ಕೊಟ್ಟು ಡಬ್ಬಿ ತೊಳೆದು ಒರೆಸಿ ಇದನ್ನು ತುಂಬಿಸಿದೆ. ಆ ದಿನದ ಸಿಹಿಯೂ ಅದರಲ್ಲೇ, ಬೆಳಗಿನ ಕಾಫಿಯೂ ಅದರಲ್ಲೇ. ಯಾರಿಗೂ ಗೊತ್ತಾಗಲಿಲ್ಲ. ಊಟವಾದ ಮೇಲೆ ನಿಮ್ಮೆಲ್ಲರಿಗೂ ಹೇಳಿ ಜಂಬ ಕೊಚ್ಚಿಕೊಳ್ಳಬೇಕು ಅಂತ ಇದ್ದೆ. ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಬೇಕಾಗುತ್ತದೆ ಅಂತ ಯಾರಿಗೆ ಗೊತ್ತು? ನಿನ್ನ ಭಾಷಣದಲ್ಲಿ ಅದು ಇರಲಿಲ್ಲ.

ಬರಿಗಾಲಲ್ಲಿ ಟೈಲರಮ್ಮನ ಮನೆಗೆ ಓಡಿದಾಗ ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ಅವಳ ಅಡುಗೆಮನೆಗೆ ನಾನೇ ನುಗ್ಗಿದೆ. ನನ್ನ ಕೈಯಿಂದಲೇ ಕೊಟ್ಟ ಸಕ್ಕರೆಯನ್ನು ನನ್ನ ಸೆರಗಿಗೆ ಸುರಿದುಕೊಂಡು ಬಂದೆ. ನೀನು ಕೆನ್ನೆ ತಟ್ಟಿ ತಟ್ಟಿ ಅವನನ್ನು ಎಚ್ಚರವಾಗಿಟ್ಟಿದ್ದೆ, ಅವನು ಒಂದೊಂದೇ ಗುಟುಕು ನುಂಗುವುದನ್ನು ನಾನು ನೋಡುತ್ತಾ ನಿಂತಿದ್ದೆ. ನೀನು ನನ್ನ ಕಡೆ ನೋಡಲಿಲ್ಲ. ಯಾಕೆ ನೋಡುತ್ತೀಯ?

ಮೊದಲ ಕಾಗದದಲ್ಲಿ ಸಿಟ್ಟಿಗೆ ಕೇಳಿದ್ದೆ, ನನ್ನ ಕೈಯಲ್ಲಿ ವಿಷ ಇದೆಯಾ ಅಂತ. ಇನ್ನು ನಾನು ಯಾರಿಗೂ ಏನೂ ಬಡಿಸುವುದಿಲ್ಲ. ಅವನನ್ನು ಇಲ್ಲಿಗೆ ಕಳಿಸಬೇಡ.

ಅತ್ತೆ


ಮೇ ೧

ಅತ್ತೆ,

ನನ್ನ ಭಾಷಣದಲ್ಲಿ ಅದು ಇರಲಿಲ್ಲ. ನಿಮ್ಮ ಕಾಗದದ ಆ ಸಾಲನ್ನು ಮತ್ತೆ ಮತ್ತೆ ಓದಿದೆ, ಯಾಕೆಂದರೆ ಅದು ನಿಜ. ಸಕ್ಕರೆ ಏರುವುದನ್ನು ಮಾತ್ರ ಹೇಳಿದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇಳಿಯುವುದು ಅದಕ್ಕಿಂತ ಬೇಗ ಕೊಲ್ಲುತ್ತದೆ, ಬೆವರಿ ನಡುಗಿದರೆ ಪ್ರಶ್ನೆ ಕೇಳದೆ ಸಕ್ಕರೆ ಕೊಡಿ ಅಂತ ಹೇಳಬೇಕಿತ್ತು. ಹೇಳಿದರೆ ಚಿಕ್ಕಪ್ಪ ಅದನ್ನೇ ನೆಪ ಮಾಡಿಕೊಂಡು ಮತ್ತೆ ತುರುಕುತ್ತಾರೆ ಅಂತ ಬೇಕೆಂದೇ ಬಿಟ್ಟಿದ್ದೆ.

ಇನ್ನೊಂದು ವಿಷಯ ಇದೆ. ಹೋದ ಕಾಗದದಲ್ಲಿ ಬರೆಯಲಿಲ್ಲ, ಅಪ್ಪ ಬೇಡ ಅಂದಿದ್ದರು. ಈಗ ನೀವು ಬಡಿಸುವುದನ್ನೇ ಬಿಡುತ್ತೀರಿ ಅಂತ ಓದಿ ಹೇಳಿದೆ, ಅವರೇ "ಬರಿ, ಎಲ್ಲಾ ಬರಿ" ಅಂದರು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಕೇಳಿದರು, "ಎಷ್ಟು ಯೂನಿಟ್ ಇನ್ಸುಲಿನ್ ಹಾಕ್ಕೊಂಡ್ರಿ?" ನಾನು ಹತ್ತು ಅಂದೆ. ಅಪ್ಪ ಗೋಡೆ ನೋಡುತ್ತಾ, "ಹದಿನಾರು" ಅಂದರು. ನನಗೆ ಅರ್ಥವೇ ಆಗಲಿಲ್ಲ.

"ಅಕ್ಕನ ಮನೆ ಅಂದ್ರೆ ಆರು ಹೆಚ್ಚು ಹಾಕ್ಕೋತೀನಿ. ತಮ್ಮನ ಮನೆಗೆ ನಾಲ್ಕು. ಹೇಗೂ ತಿನ್ಬೇಕಾಗುತ್ತಲ್ಲ."

ಎಷ್ಟೋ ಕಾಲದಿಂದ ಹೀಗೆ ಅತ್ತೆ. ಪೆನ್ನು ಬೇಗ ಖಾಲಿಯಾಗುತ್ತಿದ್ದದ್ದು ಸೋರಿ ಅಲ್ಲ. ನೀವು ಕೊಡುವ ಸಿಹಿಗೆ ಅವರು ಮೊದಲೇ ಅಂದಾಜಿನ ಮೇಲೆ ಔಷಧಿ ಸೇರಿಸುತ್ತಿದ್ದರು. ಅಂದಾಜು ತಪ್ಪಿ ಒಮ್ಮೆ ಮುನ್ನೂರು, ಒಮ್ಮೆ ದಿಂಬು ಒದ್ದೆಯಾಗುವ ಬೆವರು. ಅವತ್ತೂ ಸಿಹಿ ಬರುತ್ತದೆ ಅಂತ ಆರು ಸೇರಿಸಿಕೊಂಡು ಬಂದು ಕೂತರು. ನಾನು ಎದ್ದು ನಿಂತು ಸಿಹಿ ಬರದ ಹಾಗೆ ಮಾಡಿದೆ. ಅವರಿಗೆ ಮೊದಲೇ ಹೇಳಿದ್ದರೆ ಹತ್ತೇ ಹಾಕಿಕೊಳ್ಳುತ್ತಿದ್ದರು. ಅವರಿಗೆ ಹೇಳಬೇಡಿ ಅಂತ ನಿಮ್ಮ ಕಾಲು ಹಿಡಿದು ಕೇಳಿಕೊಂಡವಳು ನಾನೇ.

"ಅಷ್ಟು ಕಷ್ಟ ಪಡೋ ಬದಲು ಒಂದ್ಸಲ ಬೇಡ ಅನ್ಬಾರದಾಗಿತ್ತಾ ಅಪ್ಪಾ?" ಅಂತ ಅತ್ತುಬಿಟ್ಟೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನೋಡು, ನಾನು ದಿನಾ ಯಾರ್ಯಾರದೋ ಮನೆಗೆ ಹೋಗ್ತೀನಿ. ಬೀಗ ತೆಗೆಸ್ಕೋತಾರೆ, ಆದ್ರೆ ಕಣ್ಣೆಲ್ಲ ನನ್ನ ಕೈ ಮೇಲೇ. ಇವನು ಏನು ಎತ್ಕೊಂಡು ಹೋಗ್ತಾನೋ ಅಂತ. ಕೆಲಸ ಆದ ಮೇಲೆ ಜೇಬು ಮುಟ್ಟಿ ನೋಡ್ಕೋತಾರೆ, ನನ್ನೆದುರಿಗೇ. ಅಕ್ಕನ ಮನೇಲಿ ಮಾತ್ರ ಈ ಕೈ ನೋಡಿ ತಗೋ, ಇನ್ನೊಂದು ತಗೋ ಅಂತಾರೆ. ಅದಕ್ಕೆ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ ಕಣೇ."

ನಾನು ಎಲ್ಲರೆದುರಿಗೆ "ಅವರ ಪರವಾಗಿ" ಅಂತ ಮಾತಾಡಿದೆ. ಆದರೆ ಅವರನ್ನು ಒಂದು ಮಾತು ಕೇಳಿರಲಿಲ್ಲ.

ಇನ್ನು ಅಂದಾಜಿನ ಲೆಕ್ಕ ಬಿಡುತ್ತೇನೆ ಅಂತ ಡಾಕ್ಟರಿಗೆ ಮಾತು ಕೊಟ್ಟಿದ್ದಾರೆ. ಊಟ ಕಣ್ಣೆದುರಿಗೆ ಬಂದ ಮೇಲೇ ಸೂಜಿ. ಜೇಬಿನಲ್ಲಿ ಯಾವಾಗಲೂ ಗ್ಲೂಕೋಸ್ ಪೊಟ್ಟಣ. ಆದರೆ ನಿಮ್ಮ ಮನೆಗೆ ಕಳಿಸಬೇಡ ಅಂದಿರಲ್ಲ, ಆ ಸಾಲು ಓದಿದ ದಿನದಿಂದ ಅಂಗಡಿಗೆ ಹೋದವರು ಕೆಲಸ ಮಾಡದೆ ಸುಮ್ಮನೆ ಕೂತಿರುತ್ತಾರೆ. ನನಗೆ ಭಯವಾಗುತ್ತಿದೆ ಅತ್ತೆ. ಈ ಭಯಕ್ಕೆ ಯಾವ ಮೀಟರೂ ಇಲ್ಲ.

ಮೈಕು


ಮೇ ೮

ಮೈಕೂ,

ಇದನ್ನು ನಿನ್ನಪ್ಪನ ಎದುರಿಗೆ ಗಟ್ಟಿಯಾಗಿ ಓದು.

ಲೋ ತಮ್ಮಾ, ಆರು ಹೆಚ್ಚಂತೆ ಆರು! ನಿನ್ನ ಬುದ್ಧಿಗೆ ಏನು ಹೇಳಲಿ. ನಿನ್ನ ಕಿವಿ ಹಿಂಡೋಣವೆಂದರೆ ಅಷ್ಟು ದೂರ ಇದ್ದೀಯ. ನಿನ್ನ ಕೈಗಳನ್ನು ಯಾರು ಅನುಮಾನದಿಂದ ನೋಡುತ್ತಾರೋ ಅವರ ಮನೆ ಬೀಗ ಎಂದೂ ತೆಗೆಯದೇ ಹೋಗಲಿ.

ಟೈಲರಮ್ಮ ಉಳಿದ ಸಕ್ಕರೆಯನ್ನು ವಾಪಸ್ ತಂದುಕೊಟ್ಟಳು. ಡಬ್ಬಿಯಲ್ಲಿ ಈಗ ಸಕ್ಕರೆಯೇ ಇದೆ, ಹೊರಗೆ ದೊಡ್ಡದಾಗಿ "ಸಕ್ಕರೆ" ಅಂತ ಮಾವನ ಕೈಯಲ್ಲಿ ಬರೆಸಿದ್ದೇನೆ. ಡ್ರೈವರಿಗೂ ಹೇಳಿದ್ದೇನೆ: ಅಣ್ಣ ಕೇಳಿದರೆ ಕೊಡು, ಕೇಳದಿದ್ದರೆ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರು.

ನಾನು ಇಷ್ಟು ವರ್ಷ ತಗೋ ತಗೋ ಅಂದೆ. ನಿನಗೆ ಏನು ಬೇಕು ಅಂತ ಒಂದು ದಿನವೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಈ ಸಲ ಬಂದಾಗ ಏನು ಕೊಡಲಿ, ಹೇಳು. ಮಗಳ ಕೈಯಲ್ಲಿ ಹೇಳಿಸಬೇಡ. ನೀನೇ ಬರೆ.

ಅಕ್ಕ


ಮೇ ೧೫

ಅತ್ತೆ,

ಅಪ್ಪನ ಕೈಗೆ ಪೆನ್ನು ಕೊಟ್ಟು ನಾನು ಎದ್ದು ಬಂದೆ. ಮೂರು ಸಂಜೆ ಕೂತರು. ಎಷ್ಟೋ ಹಾಳೆ ಹರಿದರು. ಕೆಳಗಿರುವುದಷ್ಟೇ ಉಳಿದದ್ದು. ನಾನು ಒಂದಕ್ಷರವೂ ತಿದ್ದಿಲ್ಲ.

ಅಕ್ಕಾ, ಸಿಹಿ ಬೇಡ.
ಅಂಗಡಿ ಮುಚ್ಚಿ ಶನಿವಾರ ಬರ್ತೀನಿ. ನಿನ್ನ ಹಿತ್ತಲ ಬಾಗಿಲ ಬೀಗ ಬಿಗಿಯಾಗಿದೆ ಅಂತಿದ್ದೆ, ಅದನ್ನು ನೋಡಿ ಕೊಡ್ತೀನಿ. ನಾನು ಕೆಲಸ ಮಾಡುವಾಗ ನನ್ನ ಕೈ ನೋಡ್ತಾ ನಿಲ್ಬೇಡ, ನೀನು ಒಳಗೆ ಹೋಗಿ ಮಲ್ಕೋ.